ಗುಮ್ಮಟದ ಬಲಕ್ಕ ಆರು ಡಿಗ್ರಿ

ಹೆತ್ತ ಮಗಳ ಮ್ಯಾಲೆ ಹೊಟ್ಟಿಕಿಚ್ಚು ಪಡೋ ಅಪ್ಪನ್ನ ನೀವು ನೋಡೀರೋ ಇಲ್ಲೋ ನನಗ ಗೊತ್ತಿಲ್ಲ. ನೋಡಿಲ್ಲಂದ್ರ ಈಗ ನೋಡ್ರಿ, ನಾನ ಅಂವ. ಅಶ್ಫಾಕ ಮಿಸ್ತ್ರಿ. ಇಳಕಲ್ಲಿಂದ ಹುನಗುಂದಕ್ಕ ಹೋಗೋ ದಾರ್ಯಾಗ ಅಮರಪ್ಪ ಸಾವಕಾರ್ರ ಕೋಲ್ಡ್ ಸ್ಟೋರೇಜ್ ಐತಲ್ಲ, ದಾಳಿಂಬ್ರಿ ತುಂಬತಾರಲ್ಲ, ಅಲ್ಲಿ ಮಷೀನ್ ರೂಮು ನಂದು. ನಂದು ಅಂದ್ರ ಸಾವಕಾರ್ರದ ಖರೆ, ಆದ್ರ ಹನ್ನೆರಡು ವರ್ಷದಾಗ ಒಂದ ದಿನ ಕಾಂಪ್ರೆಸರ್ ಬಿಚ್ಚೂ ಹಂಗ ಮಾಡಿಲ್ಲ ನಾ. ಈ ಸುತ್ತಮುತ್ತ ಇಂಥಾ ಮಾತು ಎದಿ ತಟ್ಟಿ ಹೇಳೂ ಮಿಸ್ತ್ರಿ ಯಾರರ ಇದ್ರ ಕರಕೊಂಡ ಬರ್ರಿ.

ನನ್ನ ಮಗಳು ಸಾಜಿಯಾ ಬಾಗಲಕೋಟ್ಯಾಗ ಡಿಪ್ಲೊಮಾ ಮಾಡಿದ್ಳು, ಹುಬ್ಬಳ್ಳ್ಯಾಗ ಒಂದು ಎ.ಸಿ. ಕಂಪನ್ಯಾಗ ವರ್ಷಗಟ್ಲೆ ಕೆಲಸಾ ಕಲತಳು. ಎರಡು ತಿಂಗಳ ಹಿಂದ ಸಾವಕಾರ್ರು ನನ್ನ ಮುಂದನ, "ಮಿಸ್ತ್ರಿ, ನಿನ್ನ ಮಗಳನ್ನ ನಮ್ಮಲ್ಲೇ ಹಚ್ಚು" ಅಂದ್ರು. ಅವತ್ತು ನಾ ಹಿಗ್ಗಿ ಹೀರೀಕಾಯಿ ಆದೆ. ಮಿಠಾಯಿ ತಂದು ಓಣಿಗೆಲ್ಲಾ ಹಂಚಿದೆ. ಎಂಟ ದಿನಾ ಆಗಿದ್ದಿಲ್ಲ, ನನ್ನ ಹೊಟ್ಟ್ಯಾಗ ಖಾರ ಕಲಸಾಕ ಶುರು ಆತು.

ಯಾಕಂತೀರಿ? ಮೊದಲ ಸಾವಕಾರ್ರು ಬಾಗಲಾಗ ನಿಂತು "ಏನ್ ಮಿಸ್ತ್ರಿ, ಹೆಂಗೈತಿ?" ಅಂತ ಕೇಳತಿದ್ರು. ಈಗ ಬಂದವರ, "ಸಾಜಿಯಾ ಮೇಡಮ್ ಎಲ್ಲಿ?" ಅಂತಾರ. ನಾ ಅಲ್ಲೇ ನಿಂತಿರ್ತೇನಿ, ಎಣ್ಣಿ ಬಟ್ಟಿ ಹಿಡಕೊಂಡು. ನಾ ಎತ್ತಿ ಆಡಿಸಿದ ಹುಡುಗಿಗೆ ಮೇಡಮ್! ನನಗ ಮಿಸ್ತ್ರಿ!

ಅದರ ಮ್ಯಾಲೆ ಇನ್ನೊಂದು ಸುದ್ದಿ. ಹಿಂದಿನ ಜಾಗಾದಾಗ ಎರಡನೇ ಕೋಣಿ, ಎರಡನೇ ಮಷೀನು ಏಳಾಕತ್ತಿತ್ತು. ಎರಡಕ್ಕೂ ಸೇರಿ ಒಬ್ಬರನ್ನ ಇನ್‌ಚಾರ್ಜ್ ಮಾಡ್ತೇನಿ, ಈ ವಾರದಾಗ ಹೇಳ್ತೇನಿ ಅಂತ ಸಾವಕಾರ್ರು ಅಂದಿದ್ರು. ನಾ ಆದ್ರ ಹನ್ನೆರಡು ವರ್ಷಕ್ಕ ಒಂದು ಬೆಲೆ ಬರ್ತಿತ್ತು. ಅಕಿ ಆದ್ರ ನಾ ಒಂದು ವಾಲ್ವ್ ತಿರುವಬೇಕಂದ್ರೂ ಸ್ವಂತ ಮಗಳನ್ನ ಕೇಳಿ ತಿರುವಬೇಕು. ರೊಟ್ಟಿ ಗಂಟಲದಾಗ ಇಳೀತಿದ್ದಿಲ್ಲ ನನಗ. ನನ್ನ ಹೆಂಡತಿ ಆಬೇದಾ, "ಏನಾಗೇತ್ರಿ ನಿಮಗ, ಮಗಳು ಬಂದಾಳಂದ್ರ ಮಾರಿ ಗಂಟ ಹಾಕ್ಕೊಂಡ ಕೂಡ್ತೀರಿ" ಅಂದ್ಳು. ಏನಂತ ಹೇಳ್ಲಿ?

ಅವತ್ತು ಬುಧವಾರ. ಮುಂಜಾನೆ ಹಣ್ಣಿನ ಕೋಣಿ ಎಂಟು ಡಿಗ್ರಿ ತೋರಿಸಿತು. ಐದು ಇರಬೇಕು. ಹಿಂದಿನ ದಿನದಿಂದ ಇಳೀವಲ್ದು. ಸಾವಕಾರ್ರು ಗಾಬರಿ ಆಗಿ ಓಡಿ ಬಂದ್ರು. ಸಾಜಿಯಾ ಬಾಯಿ ತಗಿಯೂದ್ರಾಗ ನಾ ತಗದೆ: "ಕೋಣಿ ತಂಪು ಮಾಡೋ ಕೊಳವಿ, ಆ ಕಾಯಿಲಿಗೆ ಗ್ಯಾಸ್ ಸಾಲವಲ್ದು ಸಾವಕಾರ್ರ. ಅದಕ್ಕ ಗ್ಯಾಸ್ ಬಿಡೋ ವಾಲ್ವ್ ಬಿಗಿ ಆಗೇತಿ. ಸಡಲ ಮಾಡಿದ್ರ ಆತು."

ಖರೆ ಹೇಳ್ಲಾ? ನಾ ಪೈಪ್ ಮುಟ್ಟಿ ನೋಡಿದ್ದಿಲ್ಲ. ಅಕಿಗಿಂತ ಮೊದಲು ಹೇಳಬೇಕಂತ ಹೇಳಿದೆ, ಅಷ್ಟ.

"ಒಂದು ನಿಮಿಷ ಅಬ್ಬಾ, ಚಾರ್ಟಿನ ಮ್ಯಾಲೆ ಹಾಕಿ ನೋಡೋಣು" ಅಂದ್ಳು ಸಾಜಿಯಾ. ಗ್ವಾಡಿಗೆ ಒಂದು ದೊಡ್ಡ ಹಾಳಿ ಹಚ್ಚಿದ್ಳು ಬಂದ ದಿನಾನ. ಅದರ ಮ್ಯಾಲೆ ನಡುವ ಒಂದು ಗುಡ್ಡದಂಗ ಗೆರಿ, ಸುತ್ತ ಸಾವಿರ ಸಣ್ಣ ಗೆರಿ. ನಾ ಅದರ ಕಡೆ ತಲಿ ಹಾಕಿ ಮಲಗಿದವನಲ್ಲ.

"ನನಗೂ ತಿಳಿಯೂ ಹಂಗ ಹೇಳವಾ, ಏನದು?" ಅಂದ್ರು ಸಾವಕಾರ್ರು, ಕುರ್ಚಿ ಎಳಕೊಂಡು.

ಅಕಿ ಗೇಜ್ ನೋಡಿ ಬಂದ್ಳು. ಥರ್ಮಾಮೀಟರ್ ಪೈಪಿಗೆ ಕಟ್ಟಿ ನೋಡಿದ್ಳು. ಅಕಿ ಅಂಕಿ ಬರಿಯೂ ಮುಂದ ನನಗ ಸಿಟ್ಟು ತಡೀಲಿಲ್ಲ. ನಟ್ ತಿರುವೂ ಪಾನಾ ತಗೊಂಡು ಖಾಲಿ ಡ್ರಮ್ಮಿನ ಮ್ಯಾಲೆ ಧಡ್ ಧಡ್ ಅಂತ ಒಗದೆ, ಹತ್ತು ಪಾನಾ ಒಂದೊಂದ. ಅಕಿ ಏನೋ ಹೇಳಾಕತ್ತಿದ್ಳು, ಆ ಸಪ್ಪಳದಾಗ ನನಗ ಕೇಳಲಿಲ್ಲ. ಕೇಳೂದು ಬ್ಯಾಡಾಗಿತ್ತು. ಸಾವಕಾರ್ರು "ಸ್ವಲ್ಪ ತಡಿಯೋ ಮಾರಾಯಾ" ಅಂದ ಮ್ಯಾಲೆ ಬಿಟ್ಟೆ. ಬಟ್ಟಿ ತಗೊಂಡು ಮೋಟಾರ್ ಒರಸೂ ನೆಪ ಮಾಡಿ ಬೆನ್ನ ತಿರುಗಿಸಿ ನಿಂತೆ. ಕಿವಿ ಮಾತ್ರ ಅಲ್ಲೇ ಇತ್ತು.

"ಈ ಹಾಳ್ಯಾಗ ಕೆಳಗಿಂದ ಮ್ಯಾಲಕ್ಕ ಹೋದ್ರ ಒತ್ತಡ ಹೆಚ್ಚ ಆಕ್ಕೈತ್ರಿ" ಅಂದ್ಳು. "ಎಡದಿಂದ ಬಲಕ್ಕ ಹೋದ್ರ ಒಂದು ಕಿಲೋ ಗ್ಯಾಸಿನ ಹೊಟ್ಟ್ಯಾಗ ಇರೋ ಶಾಖ ಹೆಚ್ಚ ಆಕ್ಕೈತಿ. ಅದಕ್ಕ ಎಂಥಾಲ್ಪಿ ಅಂತಾರ. ನಡುವಿನ ಈ ಗುಮ್ಮಟ ಐತಲ್ರಿ, ಇದರ ಎಡಕ್ಕ ಎಲ್ಲಾ ದ್ರವ, ನೀರಿನಂಗ. ಬಲಕ್ಕ ಎಲ್ಲಾ ಆವಿ. ಗುಮ್ಮಟದ ಒಳಗ ಎರಡೂ ಕೂಡಿ ಇರ್ತಾವು. ಅಂದ್ರ ಅಲ್ಲಿ ಕುದಿಯಾಕತ್ತಿರತೈತಿ, ಇಲ್ಲಾ ಆವಿ ಹೋಗಿ ದ್ರವ ಆಗಾಕತ್ತಿರತೈತಿ."

"ನಮ್ಮ ವಿಜಾಪುರದ ಗುಮ್ಮಟದಂಗ" ಅಂದ್ರು ಸಾವಕಾರ್ರು. ಅವರಿಗೆ ಖುಷಿ ಆಗಿತ್ತು. ನನಗ ಇನ್ನಷ್ಟು ಉರೀತು.

"ಹೂಂನ್ರಿ. ಈಗ ನಮ್ಮ ಗ್ಯಾಸು ಇದರ ಮ್ಯಾಲೆ ನಾಕು ಮೂಲಿ ಸುತ್ತತೈತಿ ನೋಡ್ರಿ. ಒಂದನೇ ಮೂಲಿ, ಗುಮ್ಮಟದ ಬಲಕ್ಕ ಕೆಳಗ. ತಣ್ಣಗಿನ ಆವಿ ಕಾಂಪ್ರೆಸರ್ ಬಾಯಿಗೆ ಬರತೈತಿ. ಕಾಂಪ್ರೆಸರ್ ಅದನ್ನ ಒತ್ತಿ ಎರಡನೇ ಮೂಲಿಗೆ ಏರಸತೈತಿ. ಗೆರಿ ಮ್ಯಾಲಕ್ಕೂ ಹೋತು, ಸ್ವಲ್ಪ ಬಲಕ್ಕೂ ಹೋತು. ಆ ಬಲಕ್ಕ ಹೋದದ್ದು ಕರೆಂಟಿನ ದುಡಿಮಿ. ಅಲ್ಲಿ ಗ್ಯಾಸು ಅರವತ್ತೈದು ಡಿಗ್ರಿ, ಮುಟ್ಟಿದ್ರ ಸುಡತೈತಿ. ಅಲ್ಲಿಂದ ಹೊರಗಿನ ಕಂಡೆನ್ಸರಿಗೆ ಹೋಗಿ ಗಾಳಿಗೆ ಶಾಖ ಕೊಟ್ಟು, ಒತ್ತಡ ಹಂಗ ಇದ್ದು ಸೀದಾ ಎಡಕ್ಕ ಬರತೈತಿ. ಗುಮ್ಮಟ ದಾಟಿ ಎಡಕ್ಕ ಬಂತಂದ್ರ ಪೂರಾ ದ್ರವ. ಅದು ಮೂರನೇ ಮೂಲಿ, ನಾಕತ್ತು ಡಿಗ್ರಿ."

"ನಲವತ್ತು" ಅಂತ ನಾ ಬೆನ್ನ ತಿರುಗಿಸಿಕೊಂಡ ತಿದ್ದಿದೆ. ಗಡಿಬಿಡ್ಯಾಗ ಬಾಯಿ ತಪ್ಪಿದ್ದಳು ಪಾಪ, ಅಷ್ಟಕ್ಕ ಬಿಟ್ಟೆನೇನು?

"ನಲವತ್ತು" ಅಂತ ಅಕಿ ತಿದ್ದಿಕೊಂಡಳು. "ಆಮ್ಯಾಲೆ ಎಕ್ಸ್‌ಪಾನ್ಶನ್ ವಾಲ್ವ್. ಸಣ್ಣ ತೂತಿನಿಂದ ದಾಟಿದ ಕೂಡಲೆ ಒತ್ತಡ ಬೀಳತೈತಿ. ಅಲ್ಲಿ ಶಾಖ ಕೊಡೂದೂ ಇಲ್ಲ, ತಗೊಳ್ಳೂದೂ ಇಲ್ಲ. ಅದಕ್ಕ ಗೆರಿ ಸೀದಾ ಕೆಳಗ ಬಂದು ಗುಮ್ಮಟದ ಒಳಗ ನಿಂದ್ರತೈತಿ. ನಾಕನೇ ಮೂಲಿ. ಹತ್ತರಾಗ ಮೂರು ಪಾಲು ಅಲ್ಲೇ ಆವಿ ಆಗಿರತೈತಿ. ಉಳಿದದ್ದು ಕೋಣ್ಯಾಗಿನ ಕಾಯಿಲಿನ್ಯಾಗ ಕುದೀತೈತಿ. ಕುದಿಯಾಕ ಶಾಖ ಬೇಕು, ಅದನ್ನ ನಿಮ್ಮ ದಾಳಿಂಬ್ರಿಯಿಂದ ಎಳಕೋತೈತಿ. ನಾಕರಿಂದ ಒಂದಕ್ಕ ಈ ಅಡ್ಡ ಗೆರಿ ಎಷ್ಟು ಉದ್ದ ಐತೋ ಅಷ್ಟು ತಂಪು. ಒಂದು ಕಿಲೋ ಗ್ಯಾಸಿಗೆ ನೂರಾ ನಲವತ್ತೇಳು ಕಿಲೋಜೂಲ್. ಒತ್ತಾಕ ಖರ್ಚಾದದ್ದು ನಲವತ್ತು."

"ನಲವತ್ತು ಕೊಟ್ಟು ನೂರಾ ನಲವತ್ತೇಳು! ಭಾರಿ ವ್ಯಾಪಾರ ಬಿಡವಾ" ಅಂದ್ರು ಸಾವಕಾರ್ರು.

"ಈಗ ಅಬ್ಬಾ ಅಂದ ಮಾತು ನೋಡೋಣು" ಅಂದ್ಳು. ನನ್ನ ಬಟ್ಟಿ ಅಲ್ಲೇ ನಿಂತಿತು. "ಈ ಒತ್ತಡಕ್ಕ ಗ್ಯಾಸು ಮೈನಸ್ ಎರಡು ಡಿಗ್ರಿಗೆ ಕುದೀತೈತಿ. ಕಾಯಿಲ್ ದಾಟಿ ಬರೋ ಪೈಪು ನಾಕು ಡಿಗ್ರಿ ಐತಿ. ಅಂದ್ರ ಎಲ್ಲಾ ಕುದ್ದು ಆವಿ ಆದ ಮ್ಯಾಲೆ ಇನ್ನೂ ಆರು ಡಿಗ್ರಿ ಬೆಚ್ಚಗ ಆಗೇತಿ. ಗುಮ್ಮಟದ ಬಲಕ್ಕ ಆರು ಡಿಗ್ರಿ. ಇದಕ್ಕ ಸೂಪರ್‌ಹೀಟ್ ಅಂತಾರ. ಇದು ಹದಿನೈದು, ಇಪ್ಪತ್ತು ಇದ್ರ ಕಾಯಿಲಿಗೆ ಗ್ಯಾಸ್ ಸಾಲದು ಅಂತ. ಸೊನ್ನಿ ಆದ್ರ ದ್ರವಾನ ಕಾಂಪ್ರೆಸರಿಗೆ ಹೋಗಿ ಅದನ್ನ ಒಡೀತೈತಿ. ಆರು ಅಂದ್ರ ಬರೋಬ್ಬರಿ ಐತ್ರಿ. ವಾಲ್ವ್ ಮುಟ್ಟೂದು ಬ್ಯಾಡ. ಮಷೀನು ತನ್ನ ಕೆಲಸಾ ಮಾಡಾಕತ್ತೈತಿ. ಹೊರಗಿನ ಶಾಖ ಎಲ್ಲಿಂದೋ ಒಳಗ ಬರಾಕತ್ತೈತಿ, ಅದನ್ನ ಹುಡುಕಬೇಕು."

ಸಾವಕಾರ್ರು ನನ್ನ ಕಡೆ ಒಮ್ಮೆ ನೋಡಿ, ಅಕಿ ಕಡೆ ಒಮ್ಮೆ ನೋಡಿ ಎದ್ದು ಹೋದ್ರು. ಆ ನೋಟದಾಗ ಇನ್‌ಚಾರ್ಜ್ ಯಾರು ಅಂತ ನನಗ ಗೊತ್ತಾತು. ಅಲ್ಲಾ, ಹನ್ನೆರಡು ವರ್ಷ ನಾ ಈ ಮಷೀನಿನ ಕೆಮ್ಮು ಕೇಳಿ ಅದರ ಜಡ್ಡು ಹೇಳೀನಿ. ಇಕಿ ಒಂದು ಹಾಳಿ ಹಚ್ಚಿ ಅರ್ಧ ತಾಸಿನ್ಯಾಗ ನನ್ನ ಬಾಯಿ ಮುಚ್ಚಿಸಿದ್ಳು. ಮಗಳಾಗಿದ್ರ ಏನಾತು, ಉರಿಯೂದಿಲ್ಲೇನ್ರಿ?

ಮಧ್ಯಾಹ್ನ ಊಟದ ಹೊತ್ತಿಗೆ ಸಾಜಿಯಾ ಕೋಣಿ ಬಾಗಲ ನೋಡಾಕಂತ ಆಕಡೆ ಹೋದ್ಳು. ಮಷೀನ್ ರೂಮಿನ್ಯಾಗ ನಾ ಒಬ್ಬನ. ಅಕಿ ಮೇಜಿನ ಮ್ಯಾಲೆ ಚಾರ್ಟಿನ ಸಣ್ಣ ಹಾಳಿ ಒಂದು ಕಟ್ಟು ಇತ್ತು. ಒಂದು ಎಳಕೊಂಡೆ. ಕಳ್ಳನಂಗ ಬಾಗಲ ಕಡೆ ಒಮ್ಮೆ ನೋಡಿದೆ. ನನಗೇನು ತಲಿ ಇಲ್ಲೇನು? ಅಕಿಗೆ ತಿಳಿಯೂದು ನನಗ ತಿಳಿಯೂದಿಲ್ಲೇನು? ಅಕಿ ಹಾಳಿಲೇ ಅಕಿನ್ನ ಸುಳ್ಳು ಮಾಡ್ತೇನಿ ಅಂದ್ಕೊಂಡೆ.

ಗೇಜ್ ನೋಡಿದೆ. ಕಾಂಪ್ರೆಸರ್ ಬಾಯಿ ಕಡೆ ಒತ್ತಡ ಒಂದು ಪಾಯಿಂಟ್ ಏಳು ಬಾರ್. ಹಾಳ್ಯಾಗ ಎಡಗಡೆ ಒತ್ತಡದ ಅಂಕಿ ಹುಡುಕಿ ಒಂದು ಪಾಯಿಂಟ್ ಏಳಕ್ಕ ಸ್ಕೇಲ್ ಇಟ್ಟು ಅಡ್ಡ ಗೆರಿ ಹೊಡದೆ. ಗೆರಿ ಗುಮ್ಮಟಕ್ಕ ಮುಟ್ಟಿದಲ್ಲಿ ಏನ್ ಬರದೈತಿ ನೋಡಿದೆ. ಮೈನಸ್ ಹದಿನಾಕು!

ಕಣ್ಣು ಒರಸಿಕೊಂಡು ಮತ್ತ ನೋಡಿದೆ. ಮೈನಸ್ ಹದಿನಾಕು. ಪೈಪು ನಾಕು ಡಿಗ್ರಿ. ಹದಿನಾಕಕ್ಕ ನಾಕು ಕೂಡಿಸಿದ್ರ ಹದಿನೆಂಟು. ಅಕಿ ಆರು ಅಂದಿದ್ಳು. ಬರೋಬ್ಬರಿ ಹದಿನೆಂಟು ಐತಿ! ಕಾಯಿಲ್ ಉಪಾಸ ಬಿದ್ದೈತಿ, ನಾ ಅಂದದ್ದ ಖರೆ! ಯಾ ಅಲ್ಲಾ, ಆ ಖುಷಿ ಏನ್ ಹೇಳ್ಲಿ ನಿಮಗ. ಸಾಜಿಯಾ ಹುಟ್ಟಿದ ದಿನಾನೂ ನಾ ಅಷ್ಟು ಖುಷಿ ಪಟ್ಟಿದ್ದಿಲ್ಲೇನೋ.

ಪೈಪಿನ ಮ್ಯಾಲೆ ಕೈ ಇಟ್ಟೆ. ತಣ್ಣಗ ಇತ್ತು, ತೆಳ್ಳಗ ಬೆವತಿತ್ತು, ದಿನಾ ಇರೂ ಹಂಗ. ಕೈ ಹೇಳತಿತ್ತು, ಏನೂ ಆಗಿಲ್ಲಲೇ ಅಶ್ಫಾಕ ಅಂತ. ನಾ ಕೈ ಮಾತು ಕೇಳಲಿಲ್ಲ. ಹಾಳಿ ಹದಿನೆಂಟು ಅಂತಿತ್ತಲ್ಲ.

ಅಕಿ ಮುಂದಿನ ದೊಡ್ಡ ಬಾಗಲದ ಕಡೆ ಇದ್ಳು; ನಾ ಮಷೀನ್ ರೂಮಿನ ಕಡೆ ಸಣ್ಣ ಬಾಗಲಿಂದ ಕೋಣಿಗೆ ಹೋಗಿ ವಾಲ್ವಿನ ಟೊಪ್ಪಿಗಿ ಬಿಚ್ಚಿದೆ. ಹೊಸಬರಿಗೆ ನಾನ ಕಲಿಸಿದ ಮಾತು ಇದು: ಪಾವು ಸುತ್ತು, ಅಂದ್ರ ಕಾಲು ಸುತ್ತು, ತಿರುವು, ಇಪ್ಪತ್ತು ನಿಮಿಷ ಕಾಯಿ, ಆಮ್ಯಾಲೆ ಮತ್ತ ಪಾವು ಸುತ್ತು. ಅವತ್ತು ಕಾಯಾಕ ಯಾರಿಗೆ ಪುರುಸೊತ್ತಿತ್ತು? ಒಂದು ಸುತ್ತಿಗೆ ನಾಕು ಡಿಗ್ರಿ ಇಳೀತೈತಿ. ಹದಿನೆಂಟರಿಂದ ಆರಕ್ಕ ಹನ್ನೆರಡು ಡಿಗ್ರಿ. ಮೂರು ಸುತ್ತು. ಮೂರೂ ಒಂದ ಸಲಕ್ಕ ತಿರುವಿ ಬಂದೆ. ಬಂದು ಹಾಳಿ ಮಡಚಿ ಕಿಸೆದಾಗ ಇಟ್ಟು, ಸಾವಕಾರ್ರಿಗೆ ಫೋನ್ ಹಚ್ಚಿದೆ: "ಬರ್ರಿ, ನಿಮಗೊಂದು ತೋರಿಸಬೇಕು."

ಹತ್ತು ನಿಮಿಷ ಆಗಿರಬೇಕು. ಕಾಂಪ್ರೆಸರ್ ದನಿ ಬದಲಾತು. ಮೊದಲ ಗುರ್‌ಗುಟ್ಟಿತು, ಆಮ್ಯಾಲೆ ಒಳಗ ಟಕ್, ಟಕ್, ಟಕ್. ಹತ್ರ ಓಡಿದೆ. ನೋಡ್ತೇನಿ, ಬಾಯಿ ಕಡೆ ಪೈಪಷ್ಟ ಅಲ್ಲ, ಕಾಂಪ್ರೆಸರ್ ಮೈಯೆಲ್ಲಾ ನೀರು ಇಳ್ಯಾಕತ್ತೈತಿ. ಎಣ್ಣಿ ಗಾಜಿನ್ಯಾಗ ನೊರಿ ಉಕ್ಕಾಕತ್ತೈತಿ. ಆವಿ ಬರೋ ಜಾಗಾದಾಗ ದ್ರವ ಬರಾಕತ್ತಿತ್ತು. ದ್ರವ ಒತ್ತಿದ್ರ ಒತ್ತಿಸಿಕೊಳ್ಳೂದಿಲ್ಲ, ಒಳಗಿನ ವಾಲ್ವಿನ ತೆಳ್ಳನ ಪತ್ರಾ ಮುರೀತೈತಿ, ಪಿಸ್ಟನ್ ಮುರೀತೈತಿ. ಜಿಗದು ಸ್ಟಾಪ್ ಒತ್ತಿದೆ. ಮಷೀನು ಎರಡು ಸಲ ನಡುಗಿ ನಿಂತಿತು. ನಾ ಅಲ್ಲೇ ನೆಲದ ಮ್ಯಾಲೆ ಕುಂತೆ.

ಸಪ್ಪಳ ನಿಂತದ್ದು ಕೇಳಿ ಸಾಜಿಯಾ ಓಡಿ ಬಂದ್ಳು. "ಅಬ್ಬಾ! ನಿಮಗೇನೂ ಆಗಿಲ್ಲಲ್ಲಾ?" ಅಂತ ಮೊದಲ ನನ್ನ ಕೈ ಹಿಡಿದು ನೋಡಿದ್ಳು. ಆಮ್ಯಾಲೆ ಎಣ್ಣಿ ಗಾಜು ನೋಡಿದ್ಳು. ನಾ ಕಿಸೆದಾಗಿನ ಹಾಳಿ ತಗದು ಅಕಿ ಕೈಯಾಗ ಕೊಟ್ಟೆ.

ಅಕಿ ಹಾಳಿ ನೋಡಿದ್ಳು. ಬೈತಾಳ ಅಂದ್ಕೊಂಡೆ. ಬೈಲಿಲ್ಲ. "ಗೆರಿ ಭಾಳ ನೀಟ ಹೊಡದೀರಿ ಅಬ್ಬಾ" ಅಂದ್ಳು ಸಣ್ಣ ದನಿಲೆ. "ಒಂದು ಕೂಡಿಸೂದು ಬಿಟ್ಟೀರಿ ನೋಡ್ರಿ. ಗೇಜು ಹೊರಗಿನ ಗಾಳಿ ಒತ್ತಡ ಲೆಕ್ಕಕ್ಕ ಹಿಡಿಯೂದಿಲ್ಲ, ಚಾರ್ಟ್ ಹಿಡೀತೈತಿ. ಗೇಜಿನ್ಯಾಗ ಒಂದು ಪಾಯಿಂಟ್ ಏಳು ಇದ್ರ ಚಾರ್ಟಿನ್ಯಾಗ ಎರಡು ಪಾಯಿಂಟ್ ಏಳು. ಅಲ್ಲಿ ಮೈನಸ್ ಎರಡು. ಮುಂಜಾನೆ ಹೇಳಿದ್ನಲ್ಲಾ ಮೊದಲಿಗೆ."

ಹೇಳಿದ್ದಳಂತ. ನಾ ಪಾನಾ ಒಗ್ಯಾಕತ್ತಿದ್ದ ಹೊತ್ತಿನ್ಯಾಗ ಹೇಳಿರಬೇಕು.

ಅಷ್ಟರಾಗ ಸಾವಕಾರ್ರು ಬಂದ್ರು. ಮಷೀನು ನಿಂತದ್ದು, ನೆಲಕ್ಕ ನೀರು, ನಮ್ಮಿಬ್ಬರ ಮಾರಿ ನೋಡಿದ್ರು. "ಏನಾತು? ಯಾರು ಮುಟ್ಟಿದ್ರು ಇದನ್ನ?"

"ವಾಲ್ವ್ ಸಡಲ ಆಗಿ ದ್ರವ ಬಂತ್ರಿ" ಅಂದೆ. "ಚಾರ್ಟ್ ನೋಡಿ ಮಾಡಿದ್ದು."

ಇದ್ರಾಗ ಸುಳ್ಳು ಒಂದ ಅಕ್ಷರ ಇಲ್ಲ ನೋಡ್ರಿ. ಆದ್ರ ಹೆಂಗ ಹೇಳಿದೆ ಅಂತ ನನಗ ಗೊತ್ತು.

ಸಾವಕಾರ್ರು ಸಾಜಿಯಾನ ಕಡೆ ತಿರುಗಿದ್ರು. ಅವರ ಮಾರಿ ಕೆಂಪಾಗಿತ್ತು. "ಇದಕ್ಕ ನಾ ಅಂಜತಿದ್ದೆ. ಹಾಳಿ ನೋಡಿ ಮಷೀನು ನಡಸ್ತೀನಂದ್ರ ಹೆಂಗವಾ? ಮುಂಜಾನೆ ನಾನೂ ಮರುಳಾಗಿ ಕೇಳಿಕೋತ ಕುಂತೆ. ಸಾಕು. ಎರಡೂ ಮಷೀನಿಗೆ ಇನ್‌ಚಾರ್ಜ್ ಮಿಸ್ತ್ರಿನ. ಇವತ್ತಿಂದ ಅಂವಾ ಹೇಳಿದಂಗ ಕೇಳಬೇಕು ನೀ."

ಎರಡು ತಿಂಗಳಿಂದ ನಾ ಕಾದದ್ದು ಈ ಮಾತಿಗೆ. ಬಂತು. ಸಾಜಿಯಾ ತಲಿ ಕೆಳಗ ಹಾಕಿ ನಿಂತಿದ್ದಳು. ಹೊರಗಿನವರ ಮುಂದ ಅಪ್ಪನ ಮಾತು ಸುಳ್ಳು ಅನ್ನೂ ರೂಢಿ ನಮ್ಮ ಮನ್ಯಾಗಿಲ್ಲ. ಅದನ್ನ ನಾನ ಕಲಿಸಿದ್ದು, ಸಣ್ಣಾಕಿ ಇದ್ದಾಗ. ನನ್ನ ಗೆರಿ ಹೊಡದ ಹಾಳಿ ಅಕಿ ಕೈಯಾಗ ಇತ್ತು. ತೋರಿಸಿದ್ರ ಮುಗದಹೋಗ್ತಿತ್ತು. ಅಕಿ ಅದನ್ನ ಬೆನ್ನ ಹಿಂದ ಹಿಡಕೊಂಡಳು.

ಒಂದು ನಿಮಿಷ ನಾನೂ ಸುಮ್ಮನ ಇದ್ದೆ. ಈಗ ನೆನಸಿಕೊಂಡ್ರ ನಾಚಿಕಿ ಆಕ್ಕೈತಿ. ಒಂದು ನಿಮಿಷ ಪೂರಾ, ಆ ಇನ್‌ಚಾರ್ಜ್ ಅನ್ನೂದು ನನಗ ರುಚಿ ಹತ್ತಿತ್ತು.

ಆಮ್ಯಾಲೆ ಅಕಿ ಕೈಯಿಂದ ಹಾಳಿ ಕಸಗೊಂಡೆ. "ಸಾವಕಾರ್ರ, ಇಲ್ಲಿ ನೋಡ್ರಿ. ಈ ಗೆರಿ ನಾ ಹೊಡದದ್ದು. ವಾಲ್ವ್ ನಾ ತಿರುವಿದ್ದು. ಮೂರು ಸುತ್ತು. ಇಕಿ ಮುಟ್ಟೂದು ಬ್ಯಾಡ ಅಂದಿದ್ಳು, ನೀವ ಕೇಳೀರಿ."

"ಮತ್ತ ಚಾರ್ಟ್ ಅಂದಿ?"

"ಚಾರ್ಟ್ ಖರೆ ಐತಿ. ಓದೂದ್ರಾಗ ನಾ ತಪ್ಪಿದೆ." ಅವರಿಗೆ ತಿಳೀಲಿಲ್ಲ. ಗೇಜು, ಗಾಳಿ ಒತ್ತಡ ಅಂದೆ, ಹುಬ್ಬು ಗಂಟು ಹಾಕಿದ್ರು. ಮುಂಜಾನೆ ಇಕಿ ಹೇಳಿದಾಗೂ ಅವರಿಗೆ ಅದು ತಿಳಿದಿದ್ದಿಲ್ಲ ಅಂತ ನನಗ ಆಗ ಗೊತ್ತಾತು. ಹೊರಗ ದಾಳಿಂಬ್ರಿ ತೂಗೂ ಮಷೀನು ಕಾಣತಿತ್ತು. "ಅಲ್ಲಿ ನೋಡ್ರಿ. ನಿಮ್ಮ ಹುಡುಗರು ಮೊದಲ ಖಾಲಿ ಕ್ರೇಟ್ ಇಟ್ಟು ಸೊನ್ನಿ ಮಾಡ್ತಾರಲ್ಲ, ಯಾಕ?"

"ಕ್ರೇಟಿನ ತೂಕ ಬಿಟ್ಟು ಹಣ್ಣಿಂದಷ್ಟ ತೋರಿಸಲಿ ಅಂತ."

"ಹೌದಲ್ರಿ. ಮಷೀನು ಇಪ್ಪತ್ತು ಕಿಲೋ ತೋರಿಸಿದ್ರೂ ಹೊರಾಂವನ ಬೆನ್ನಿಗೆ ಕ್ರೇಟಿನ ತೂಕಾನೂ ಐತೋ ಇಲ್ಲೋ? ನಮ್ಮ ಸುತ್ತ ಗಾಳಿ ಐತಿ, ಅದೂ ಎಲ್ಲಾದರ ಮ್ಯಾಲೆ ಒತ್ತತೈತಿ, ಹೆಚ್ಚು ಕಡಿಮಿ ಒಂದು ಬಾರ್. ಗೇಜು ಆ ಗಾಳಿ ಇಟ್ಟು ಸೊನ್ನಿ ಮಾಡಿದ ತಕ್ಕಡಿ. ಚಾರ್ಟು ಕ್ರೇಟ್ ಸಹಿತ ಪೂರಾ ತೂಕ ಕೇಳತೈತಿ. ನಾ ಕ್ರೇಟ್ ಬಿಟ್ಟೆ. ಅದಕ್ಕ ಆರು ಇದ್ದದ್ದು ನನಗ ಹದಿನೆಂಟು ಕಂಡಿತು."

ಸಾವಕಾರ್ರು ಗ್ವಾಡಿ ಚಾರ್ಟಿನ ಮುಂದ ಹೋಗಿ ನಿಂತ್ರು. ಬಟ್ಟು ಒಂದು ಪಾಯಿಂಟ್ ಏಳಕ್ಕ ಇಟ್ಟು, ಆಮ್ಯಾಲೆ ಎರಡು ಪಾಯಿಂಟ್ ಏಳಕ್ಕ ಏರಿಸಿದ್ರು. ಗುಮ್ಮಟದ ಮ್ಯಾಲೆ ಮೈನಸ್ ಎರಡು ತಾವ ಓದಿದ್ರು.

"ಮತ್ತ ಕೋಣಿ ಯಾಕ ತಂಪಾಗವಲ್ದು?" ಅಂತ ಕೇಳಿದ್ರು.

ಸಾಜಿಯಾ ಆಗ ತಲಿ ಎತ್ತಿದ್ಳು. "ಬಾಗಲದ ಪ್ಲಾಸ್ಟಿಕ್ ಪರದಿ ಗಂಟ ಕಟ್ಟಿ ಮ್ಯಾಲೆ ಸಿಗಿಸ್ಯಾರ್ರಿ. ಕ್ರೇಟ್ ಒಯ್ಯೂ ಮುಂದ ಮಾರಿಗೆ ಬಡೀತೈತಂತ. ಎರಡು ದಿನದಿಂದ ಹೊರಗಿನ ಬಿಸಿ ಗಾಳಿ ಎಲ್ಲಾ ಒಳಗ. ಈಗ ಬಿಚ್ಚಿಸಿ ಬಂದೆ."

ಸಾವಕಾರ್ರು ಚಾರ್ಟಿನ ಮ್ಯಾಲಿಂದ ಬಟ್ಟು ತಗದ್ರು. "ಹಂಗಾದ್ರ ಇನ್‌ಚಾರ್ಜ್ ಸಾಜಿಯಾನ" ಅಂದ್ರು. "ಮಿಸ್ತ್ರಿ, ಸಿಟ್ಟಾಗಬ್ಯಾಡ. ಇವತ್ತ ಮಷೀನು ಉಳಿಸಿದಾವನೂ ನೀನ, ಕೆಡಸಾಕ ಹೋದಾವನೂ ನೀನ."

"ಸಿಟ್ಟೇನಿಲ್ರಿ" ಅಂದೆ. ಸಿಟ್ಟಿರ್ಲಿಲ್ಲ ಖರೆ. ಹೊಟ್ಟಿ ಮಾತ್ರ ಉರೀತಿತ್ತು, ಹೋಗಿದ್ದಿಲ್ಲ. ಖರೆ ಹೇಳಿದ ಕೂಡಲೆ ಹೊಟ್ಟಿಕಿಚ್ಚು ಆರತೈತಿ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ.

ಸಾವಕಾರ್ರು ಬಾಗಲತನಾ ಹೋಗಿ ತಿರುಗಿ ನಿಂತ್ರು. "ಒಂದು ಮಾತು ಸಾಜಿಯಾ. ಮುಂಜಾನೆ ನೀ ಅರ್ಧ ತಾಸು ಹೇಳಿದಿ, ನಾ ಹೂಂ ಹೂಂ ಅಂದೆ, ಅರ್ಧ ತಿಳೀಲಿಲ್ಲ ನನಗ. ನಿಮ್ಮಪ್ಪ ಎರಡು ಮಾತಿನ್ಯಾಗ ತಿಳಿಸಿದ ನೋಡು. ಹೇಳೂದಂದ್ರ ಹಿಂಗ ಹೇಳಬೇಕು." ಹಂಗ ಅಂದು ಹೋದ್ರು.

ನಾವಿಬ್ಬರೂ ಉಳಿದ್ವಿ. ಕಾಂಪ್ರೆಸರ್ ಹೊಟ್ಟ್ಯಾಗಿನ ದ್ರವ ಹೋಗಲಿ ಅಂತ ಎಣ್ಣಿ ಹೀಟರ್ ಹಚ್ಚಿದೆ. ಸಾಜಿಯಾ ವಾಲ್ವಿನ ಮೂರು ಸುತ್ತು ಹಿಂದಕ್ಕ ತಿರುವಾಕ ಪಾನಾ ತಗೊಂಡ್ಳು. ಇನ್‌ಚಾರ್ಜ್ ಆದಾಕಿ ಮಾರಿ ಮ್ಯಾಲೆ ಒಂದು ನಗಿ ಇರಬೇಕಲ್ಲ, ಇರಲಿಲ್ಲ. ತುಟಿ ಬಿಗಿ ಹಿಡದಿದ್ದಳು.

"ಕ್ರೇಟಿಂದು ನಾನೂ ಹೇಳಾಕಿದ್ದೆ" ಅಂದ್ಳು, ನನ್ನ ಕಡೆ ನೋಡಲಾರದ. "ಟೈಮ್ ಸಿಗಲಿಲ್ಲ, ಅಷ್ಟ."

ಸುಳ್ಳು. ಹಸೀ ಸುಳ್ಳು. ಆ ದನಿ ನನಗ ಗುರತ ಸಿಕ್ಕಿತು. ಎರಡು ತಿಂಗಳು ಅದು ನನ್ನ ಗಂಟಲದಾಗ ಇತ್ತು.

"ಹೌದು ಬೇಟಾ" ಅಂದೆ. "ನೀನ ಹೇಳತಿದ್ದಿ. ನಡುವ ನಾ ಬಾಯಿ ಹಾಕಿದೆ."